ದೇಹದಾನಕ್ಕೆ ಸಹಿ ಹಾಕಿದ್ದರೂ ದೇಹ ಕುಣಿಗೇ ಹೋಗುವುದೇಕೆ: ನಮ್ಮ ಭಾಗದ ಲಿಂಗಾಯತ ಮನೆಗಳಿಗೆ ಹಂತಹಂತದ ಮಾರ್ಗದರ್ಶಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ದೇಹದಾನದ ಫಾರ್ಮ್ ತುಂಬಿಟ್ಟವರಿಗೆ ಕೊರತೆಯಿಲ್ಲ. ಆದರೆ ಅವರು ತೀರಿಕೊಂಡ ದಿನ ಬೇರೆಯದೇ ನಡೆಯುತ್ತದೆ. ಅಂಗಳದಲ್ಲಿ ಭಜನೆಯವರು ಕೂತಿರುತ್ತಾರೆ, ದೇಹವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟಿ ಆಗಿರುತ್ತದೆ, ದೂರದ ಬೀಗರು ಬರುವವರೆಗೆ ಕಾಯೋಣ ಎಂದು ಹಿರಿಯರು ಹೇಳಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾರಿಗೋ ಟ್ರಂಕಿನಲ್ಲಿರುವ ಕಾಗದ ನೆನಪಾಗಿ ಕಾಲೇಜಿಗೆ ಫೋನ್ ಹೋಗುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಇಂಥ ಮನೆಗಳಲ್ಲಿ ಧರ್ಮ ಅಡ್ಡ ಬಂದದ್ದಕ್ಕಿಂತ ವಿಧಿಗಳ ಅನುಕ್ರಮ ಅಡ್ಡ ಬಂದದ್ದೇ ಹೆಚ್ಚು. ವಿಭೂತಿ, ಭಜನೆ, ಪಾದ, ಗದ್ದುಗೆ ಯಾವುದನ್ನೂ ಬಿಡಬೇಕಿಲ್ಲ. ಯಾವುದನ್ನು ಎಷ್ಟು ಹೊತ್ತಿನೊಳಗೆ, ದೇಹವನ್ನು ಹೇಗೆ ಇಟ್ಟುಕೊಂಡು ಮಾಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮನೆಯಲ್ಲಿ ವಯಸ್ಸಾಗಿ ತೀರಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ಸಂಪ್ರದಾಯದ ಮನೆಗಳ ಮಾತು ಕೊನೆಯಲ್ಲಿದೆ.

## ಹಂತ 1: ಯಾವ ದಾನ ಎಂಬುದನ್ನು ಬಿಡಿಸಿಕೊಳ್ಳಿ

ಅಂಗಾಂಗ ದಾನ, ನೇತ್ರದಾನ, ದೇಹದಾನ ಮೂರೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೂತ್ರಪಿಂಡ, ಯಕೃತ್ತು, ಹೃದಯದ ದಾನ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿರುವಾಗ ಮಿದುಳು ನಿಷ್ಕ್ರಿಯವಾದವರಿಂದ ಆಗುತ್ತದೆ. ನಾಲ್ವರು ವೈದ್ಯರ ತಂಡ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಅದನ್ನು ದೃಢಪಡಿಸಬೇಕು. ಮನೆಯಲ್ಲಿ ತೀರಿಕೊಂಡವರಿಂದ ಈ ಅಂಗಗಳನ್ನು ಪಡೆಯಲಾಗುವುದಿಲ್ಲ. ಅಂಗ ತೆಗೆದ ಮೇಲೆ ಹೊಲಿಗೆ ಹಾಕಿ ದೇಹವನ್ನು ಮನೆಯವರಿಗೇ ಒಪ್ಪಿಸುತ್ತಾರೆ. ಆದ್ದರಿಂದ ಕೂರಿಸಿ ಸಮಾಧಿ ಮಾಡುವುದೂ ಸೇರಿ ಎಲ್ಲ ವಿಧಿಗಳಿಗೂ ಅವಕಾಶ ಉಳಿಯುತ್ತದೆ.

ನೇತ್ರದಾನ ಮನೆಯಲ್ಲೇ ಆಗುತ್ತದೆ. ಸಾವಿನ ನಂತರ 6 ಗಂಟೆಗಳೊಳಗೆ ತಂಡ ಬರಬೇಕು, ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ಕೆಡುವುದಿಲ್ಲ. ಕನ್ನಡಕ ಹಾಕುತ್ತಿದ್ದವರೂ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು.

ದೇಹದಾನದಲ್ಲಿ ದೇಹ ಮರಳಿ ಬರುವುದಿಲ್ಲ. ಅಂತ್ಯವಿಧಿಯ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿ ಮಾತ್ರ. ಕಣ್ಣು ಕೊಟ್ಟವರ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುತ್ತವೆ. ಒಳಗಿನ ಅಂಗ ತೆಗೆದಿದ್ದರೆ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಮನೆಯ ಸಾವಿಗೆ ಸರಿಹೊಂದುವುದು ನೇತ್ರದಾನ ಮತ್ತು ದೇಹದಾನದ ಜೋಡಿ.

## ಹಂತ 2: ಕಾಲೇಜಿಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ

ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಸರ್ಕಾರಿ ಬಿಮ್ಸ್, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದಲ್ಲಿ ಬಿ.ಎಂ. ಪಾಟೀಲ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳಿವೆ. ಆಯುರ್ವೇದ ಕಾಲೇಜುಗಳಿಗೂ ದೇಹ ಬೇಕಾಗುತ್ತದೆ. ಹತ್ತಿರದ ಕಾಲೇಜನ್ನೇ ಆರಿಸಿ, ಏಕೆಂದರೆ ಕೊನೆಗೆ ಲೆಕ್ಕಕ್ಕೆ ಬರುವುದು ರಸ್ತೆಯ ಹೊತ್ತು. ಹೋಗಬೇಕಾದದ್ದು ಶರೀರರಚನಾ ವಿಭಾಗಕ್ಕೆ, ಆಸ್ಪತ್ರೆಯ ಸ್ವಾಗತ ಕೌಂಟರಿಗಲ್ಲ.

ಕೇಳಬೇಕಾದ ಪ್ರಶ್ನೆಗಳು ಇವು. ರಾತ್ರಿ ಮತ್ತು ರಜಾದಿನಗಳಲ್ಲಿ ದೇಹ ಸ್ವೀಕರಿಸುವವರು ಯಾರು, ಅವರ ಮೊಬೈಲ್ ಸಂಖ್ಯೆ ಏನು? ವಾಹನ ನಿಮ್ಮದೋ ನಮ್ಮದೋ? ಎಷ್ಟು ಗಂಟೆಯೊಳಗೆ ತಲುಪಿಸಬೇಕು? ಅಧ್ಯಯನ ಮುಗಿದ ಮೇಲೆ ಅವಶೇಷಗಳನ್ನು ಏನು ಮಾಡುತ್ತೀರಿ, ಮನೆಯವರಿಗೆ ತಿಳಿಸುತ್ತೀರಾ?

ಕೊನೆಯ ಪ್ರಶ್ನೆ ಕೇಳಲು ಮುಜುಗರಪಡಬೇಡಿ. ಬಹಳ ಕಡೆ ಅವಶೇಷಗಳನ್ನು ಕಾಲೇಜೇ ವಿಲೇವಾರಿ ಮಾಡುತ್ತದೆ, ಮನೆಯವರಿಗೆ ಕೊಡುವುದಿಲ್ಲ. ಇದು ಮೊದಲೇ ತಿಳಿದಿದ್ದರೆ ‘ಒಂದು ವರ್ಷವಾದ ಮೇಲೆ ತಂದು ಮಣ್ಣು ಮಾಡೋಣ’ ಎಂಬ ಸುಳ್ಳು ಭರವಸೆಯನ್ನು ಯಾರೂ ಅಜ್ಜಿಗೆ ಕೊಡುವುದಿಲ್ಲ. ಅಧ್ಯಯನ ತಡವಾಗಿಯೂ ನಡೆಯಬಹುದು. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರು 2008ರಲ್ಲಿ ತೀರಿಕೊಂಡ ತಮ್ಮ ತಂದೆಯ ದೇಹವನ್ನು ವಿದ್ಯಾರ್ಥಿಗಳ ಎದುರು ತಾವೇ ವಿಚ್ಛೇದಿಸಿ ಪಾಠ ಮಾಡಿದ್ದು 2010ರಲ್ಲಿ. ಎರಡು ವರ್ಷ ದೇಹ ರಾಸಾಯನಿಕದಲ್ಲಿ ಕೆಡದೆ ಇತ್ತು.

## ಹಂತ 3: ಸಹಿಗಿಂತ ಮೊದಲು ಹೆಣ್ಣುಮಕ್ಕಳನ್ನು ಕೇಳಿ

ಫಾರ್ಮಿನಲ್ಲಿ ದಾನಿಯ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಆಧಾರ್ ಪ್ರತಿ, ಭಾವಚಿತ್ರ ಇರುತ್ತವೆ. ಸಾಕ್ಷಿಗಳಲ್ಲಿ ಒಬ್ಬರು ಹತ್ತಿರದ ಸಂಬಂಧಿಯಾಗಿರುವುದು ವಾಡಿಕೆ. ಕರ್ನಾಟಕದಲ್ಲಿ ಇದಕ್ಕೆ 1957ರ ಅಂಗರಚನಾಶಾಸ್ತ್ರ ಕಾಯ್ದೆಯ ಆಧಾರವಿದೆ. ಆದರೆ ಕಾಯ್ದೆ ಏನೇ ಇರಲಿ, ಸಾವಿನ ದಿನ ಹತ್ತಿರದ ಒಬ್ಬ ಸಂಬಂಧಿ ಬೇಡವೆಂದು ನಿಂತರೆ ಕಾಲೇಜಿನವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಜಗಳದ ಮನೆಯಿಂದ ದೇಹ ಒಯ್ಯಲು ಯಾವ ಸಂಸ್ಥೆಯೂ ಬಯಸುವುದಿಲ್ಲ, ಅದು ಸರಿಯೂ ಹೌದು.

ಆ ಒಬ್ಬರು ಯಾರಿರುತ್ತಾರೆ? ನಾನು ಕಂಡಂತೆ, ಸಾಮಾನ್ಯವಾಗಿ ಕೊಟ್ಟ ಮನೆಯಿಂದ ಬಂದ ಮಗಳು, ಇಲ್ಲವೇ ತವರಿನ ಕಡೆಯ ಸೋದರಮಾವ. ಗಂಡುಮಕ್ಕಳು ಸಹಿ ಹಾಕಿರುತ್ತಾರೆ, ಮಗಳಿಗೆ ಸುದ್ದಿಯೇ ಇರುವುದಿಲ್ಲ. ಇಳಕಲ್ಲಿನಿಂದಲೋ ಗೋಕಾಕದಿಂದಲೋ ಬಂದವಳು ಅವ್ವನನ್ನು ಕೊಯ್ಯಲು ಕೊಡುತ್ತಾರೆಂದು ಅಂಗಳದಲ್ಲಿ ಮೊದಲ ಬಾರಿಗೆ ಕೇಳಿದರೆ ಅವಳು ಇನ್ನೇನು ಮಾಡಿಯಾಳು? ಎಲ್ಲ ಮಕ್ಕಳೂ ಒಂದೆಡೆ ಸೇರಿದ ಹಬ್ಬದ ದಿನ ದಾನಿಯೇ ತಮ್ಮ ಬಾಯಿಂದ ಹೇಳಬೇಕು. ಮಗ ಹೇಳಿದರೆ ‘ಖರ್ಚು ಉಳಿಸಲು’ ಎನ್ನುವವರು ಇದ್ದೇ ಇರುತ್ತಾರೆ.

ಮಾತಿನ ಜೊತೆಗೆ ಕೈಬರಹದ ಒಂದು ಪತ್ರವನ್ನೂ ಬರೆಸಿ. ಅಚ್ಚಾದ ಫಾರ್ಮ್ ಕಾಲೇಜಿಗೆ, ಈ ಪತ್ರ ಬಂಧುಗಳಿಗೆ. ಬರೆದಿಟ್ಟ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ನಮ್ಮ ಭಾಗ ಕಣ್ಣಾರೆ ಕಂಡಿದೆ. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ಮಠಾಧೀಶರನ್ನು ಸಮಾಧಿ ಮಾಡುವ ರೂಢಿಯನ್ನು ಬಿಟ್ಟು ಅಗ್ನಿಸಂಸ್ಕಾರ ನಡೆಯಿತು, ಸ್ಮಾರಕವನ್ನೂ ಕಟ್ಟಲಿಲ್ಲ. ಅವರು 2014ರಲ್ಲೇ ಹಾಗೆಂದು ಬರೆದು ಸಹಿ ಮಾಡಿಟ್ಟಿದ್ದರು. ಅದು ದೇಹದಾನವಲ್ಲ, ನಿಜ. ಆದರೆ ರೂಢಿಗಿಂತ ಹೋದವರ ಇಚ್ಛೆ ದೊಡ್ಡದು ಎಂದು ಹಿರಿಯರಿಗೆ ತಿಳಿಸಿ ಹೇಳಲು ಇದಕ್ಕಿಂತ ಹತ್ತಿರದ ನಿದರ್ಶನ ಸಿಗುವುದಿಲ್ಲ.

## ಹಂತ 4: ಅಯ್ಯನವರ ಜೊತೆ ಕೂತು ವಿಧಿಗಳನ್ನು ಬಿಡಿಸಿ

ಬಹಳ ಮಂದಿ ಈ ಹಂತವನ್ನೇ ಹಾರಿಬಿಡುತ್ತಾರೆ. ಸಾವಿನ ಮನೆಯಲ್ಲಿ ವಿಧಿ ನಡೆಸುವವರು ಅಯ್ಯನವರು. ಅವರಿಗೆ ಮೊದಲೇ ಹೇಳದೆ ಆ ದಿನ ಅಚ್ಚರಿಪಡಿಸಿದರೆ ಅವರು ರೂಢಿಯ ಪರವಾಗಿಯೇ ಮಾತಾಡುತ್ತಾರೆ. ಮನೆಯ ಗುರುಗಳನ್ನೋ ಮಠದ ಸ್ವಾಮೀಜಿಗಳನ್ನೋ ಕಂಡು ಪ್ರತಿ ವಿಧಿಯ ಬಗ್ಗೆಯೂ ಇದಕ್ಕೆ ದೇಹ ಬೇಕೇ, ಬೇಕಾದರೆ ಮಲಗಿಸಿ ಮಾಡಬಹುದೇ ಎಂದು ಕೇಳಿ.

ವಿಭೂತಿ ಧರಿಸುವುದು, ರುದ್ರಾಕ್ಷಿ ಹಾಕುವುದು, ಅಯ್ಯನವರು ತಲೆಯ ಮೇಲೆ ಪಾದ ಇಡುವುದು, ತವರಿನವರು ಸೀರೆ ಹೊದಿಸುವುದು, ಆರತಿ, ಭಜನೆ ಇವೆಲ್ಲಕ್ಕೂ ದೇಹ ಎದುರಿಗಿರಬೇಕು, ಆದರೆ ಮಲಗಿಸಿಯೇ ಮಾಡಬಹುದು. ಕುಣಿ, ಬಿಲ್ವಪತ್ರೆ, ವಿಭೂತಿ ಗಟ್ಟಿ, ಮಣ್ಣು ಹಾಕುವುದು ಇವೆಲ್ಲ ಗದ್ದುಗೆಯ ಕಡೆಯವು. ಅವು ಹಂತ 8ಕ್ಕೆ ಹೋಗುತ್ತವೆ.

ನಡುವೆ ಉಳಿಯುವುದು ವಿಮಾನ. ಇಲ್ಲಿ ಗುರುಗಳಿಗೆ ಸ್ಪಷ್ಟವಾಗಿ ಹೇಳಬೇಕು: ವಿಮಾನದಲ್ಲಿ ಕೂರಿಸುವಂತಿಲ್ಲ. ಸಾವಿನ ನಂತರ ಎರಡರಿಂದ ನಾಲ್ಕು ಗಂಟೆಗಳಲ್ಲಿ ದವಡೆ, ಕುತ್ತಿಗೆಯಿಂದ ಶುರುವಾಗಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಸುಮಾರು 12 ಗಂಟೆಗಳಲ್ಲಿ ಇಡೀ ದೇಹ ಬಿಗಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಪದ್ಮಾಸನದಲ್ಲಿ ಕೂರಿಸಿ ಬಟ್ಟೆಯಿಂದ ಬಿಗಿದ ದೇಹ ಅದೇ ಭಂಗಿಯಲ್ಲಿ ಗಟ್ಟಿಯಾಗುತ್ತದೆ. ಕಾಲೇಜಿನಲ್ಲಿ ತೊಡೆಯ ಸಂದಿನ ಅಥವಾ ಕುತ್ತಿಗೆಯ ರಕ್ತನಾಳದ ಮೂಲಕ ಫಾರ್ಮಲಿನ್ ಬೆರೆಸಿದ ದ್ರವ ಹರಿಸಬೇಕು, ದೇಹ ಮೇಜಿನ ಮೇಲೆ ಅಂಗಾತ ಮಲಗಬೇಕು. ಮಡಚಿದ ಕಾಲುಗಳನ್ನು ಬಲವಂತವಾಗಿ ಬಿಡಿಸಬೇಕಾಗುತ್ತದೆ. ಮನೆಯವರು ನೋಡಬಾರದ ದೃಶ್ಯ ಅದು. ಈ ಕಾರಣವನ್ನು ಹೇಳಿದರೆ ಒಪ್ಪದ ಗುರುಗಳು ಕಡಿಮೆ. ಕೂರಿಸಲೇಬೇಕೆಂದು ಹಟ ಹಿಡಿದರೆ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ, ಕಾಲು ಚಾಚಿಯೇ ಇರಿಸಿ, ಪಾದದ ವಿಧಿ ಮುಗಿಸಿ ಮತ್ತೆ ಮಲಗಿಸಿ.

ಇಷ್ಟಲಿಂಗದ ಪ್ರಶ್ನೆಯೂ ಇಲ್ಲೇ ತೀರ್ಮಾನವಾಗಲಿ. ರೂಢಿಯಂತೆ ಅದು ದೇಹದ ಜೊತೆ ಕುಣಿಗೆ ಹೋಗುತ್ತದೆ. ಕಾಲೇಜಿಗೆ ಕಳಿಸಿದರೆ ಮೈಮೇಲಿನ ಎಲ್ಲವನ್ನೂ ತೆಗೆಯುತ್ತಾರೆ, ಆಮೇಲೆ ಅದು ಎಲ್ಲಿ ಹೋಯಿತೆಂದು ಕೊರಗುವುದು ಬೇಡ. ಎಡ ಅಂಗೈಯಲ್ಲಿಟ್ಟು ಕೊನೆಯ ಪೂಜೆ ಮಾಡಿ, ಹೊರಡುವ ಮುನ್ನ ಗುರುಗಳ ಕೈಗೆ ಒಪ್ಪಿಸುವುದು ಒಂದು ದಾರಿ. ಅದನ್ನು ಹೊಲದಲ್ಲಿ ಗದ್ದುಗೆ ಮಾಡಿ ಇಡುವುದು ಇನ್ನೊಂದು. ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ನೀರಿಗೆ ಬಿಡುವುದು ಮತ್ತೊಂದು. ಯಾವುದೆಂದು ದಾನಿಯೇ ಪತ್ರದಲ್ಲಿ ಬರೆದಿದ್ದರೆ ವಾದವೇ ಹುಟ್ಟುವುದಿಲ್ಲ.

## ಹಂತ 5: ಉಸಿರು ನಿಂತ ಮೊದಲ ಗಂಟೆ

ಮೊದಲು ಫ್ಯಾನ್ ಆರಿಸಿ. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ. ಕಣ್ಣು ಒಣಗದಿರಲು, ರಕ್ತ ಮುಖಕ್ಕೆ ಇಳಿಯದಿರಲು ಇಷ್ಟು ಸಾಕು. ಹಣೆಯ ವಿಭೂತಿ ಕಣ್ಣಿಗೆ ಉದುರದಂತೆ ನೋಡಿಕೊಳ್ಳಿ. ಕಣ್ಣಿನ ತಂಡ ಬಂದು ಹೋದ ಮೇಲೆ ಧಾರಾಳವಾಗಿ ಹಚ್ಚಿದರಾಯಿತು. ಕೈ ಮಗ್ಗುಲಿಗೆ, ಕಾಲು ನೇರ.

ಆಮೇಲೆ ಮೂರು ಕರೆ: ಕಾಲೇಜು, ನೇತ್ರ ಭಂಡಾರ, ಮನೆಗೆ ಬರುವ ವೈದ್ಯರು. ಬಂಧುಗಳಿಗೆ ಫೋನ್ ಇವುಗಳ ನಂತರ. ಕಟುಕತನವೆನಿಸಬಹುದು, ಆದರೆ ಒಬ್ಬರು ಅಳುತ್ತಿರುವಾಗ ಇನ್ನೊಬ್ಬರು ಫೋನ್ ಮಾಡುವುದು ಎಲ್ಲ ಮನೆಗಳಲ್ಲೂ ನಡೆಯುವುದೇ. ಆ ಇನ್ನೊಬ್ಬರು ಯಾರೆಂದು ಮೊದಲೇ ಗೊತ್ತಿರಲಿ.

ವೈದ್ಯರ ಪತ್ರವಿಲ್ಲದೆ ಕಾಲೇಜು ದೇಹ ಮುಟ್ಟುವುದಿಲ್ಲ. ಸಾವು ಸಹಜವೆಂದೂ ಕಾರಣ ಇಂಥದೆಂದೂ ಅದರಲ್ಲಿ ಇರಬೇಕು. ಹಳ್ಳಿಗಳಲ್ಲಿ ಎಲ್ಲಕ್ಕಿಂತ ತಡವಾಗುವುದು ಇದೇ, ಏಕೆಂದರೆ ಎಂದೂ ನೋಡದ ರೋಗಿಯ ಬಗ್ಗೆ ಬರೆದುಕೊಡಲು ವೈದ್ಯರು ಹಿಂಜರಿಯುತ್ತಾರೆ. ವಯಸ್ಸಾದವರನ್ನು ಒಬ್ಬ ವೈದ್ಯರಿಗೆ ಆಗಾಗ ತೋರಿಸುತ್ತಿರಿ, ಚೀಟಿಗಳನ್ನು ಒಂದೇ ಚೀಲದಲ್ಲಿಡಿ.

## ಹಂತ 6: ಅಂಗಳದ ವಿಧಿಗೆ ಗಡಿಯಾರ ಇಡಿ

ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿ ಬೆಳಗಿನ ನಾಲ್ಕೂವರೆಗೆ ತೀರಿಕೊಂಡರು ಎಂದುಕೊಳ್ಳೋಣ. ಕಾಲೇಜು ಬಾಗಲಕೋಟೆಯಲ್ಲಿ, ಹಳ್ಳಿಯ ರಸ್ತೆಯೂ ಸೇರಿ ಒಂದೂವರೆ ಗಂಟೆ. ಎಂಟು ಗಂಟೆಗಳೊಳಗೆ ತಲುಪಿಸಿ ಎಂದು ಕಾಲೇಜು ಹೇಳಿದ್ದರೆ ಹನ್ನೆರಡೂವರೆ ಕೊನೆಯ ಗಡಿ. ಅಂದರೆ ಮನೆಯಿಂದ ಹನ್ನೊಂದಕ್ಕೆ ಹೊರಡಬೇಕು. ದಾರಿಯ ವಿಳಂಬ ಸೇರಿಸಿ ಹತ್ತೂವರೆ ಎಂದು ಹೇಳಿಬಿಡಿ.

ಐದರೊಳಗೆ ಕರೆಗಳು ಮುಗಿಯುತ್ತವೆ. ಆರರಿಂದ ಏಳರ ನಡುವೆ ವೈದ್ಯರ ಪತ್ರ, ಏಳೂವರೆಗೆ ಕಣ್ಣಿನ ತಂಡ. ಎಂಟಕ್ಕೆ ಅಜ್ಜಿಯ ಮೈ ಒರೆಸಿ, ಹೊಸ ಸೀರೆ ಉಡಿಸಿ, ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸುತ್ತಾರೆ. ಅಯ್ಯನವರು ವಿಭೂತಿ ಧರಿಸಿ ಪಾದದ ವಿಧಿ ಮುಗಿಸುವಾಗ ಒಂಬತ್ತು. ಅಲ್ಲಿಂದ ಹತ್ತೂವರೆಯವರೆಗೆ ಭಜನೆ, ದರ್ಶನ, ತವರಿನ ಸೀರೆ. ವಾಹನ ಊರ ಅಗಸಿಯವರೆಗೆ ನಿಧಾನವಾಗಿ ಹೋಗಲಿ, ಹಲಗೆಯವರೂ ಭಜನೆಯವರೂ ಮುಂದೆ ನಡೆಯಲಿ. ಮಣ್ಣಿಗೆ ಬಂದವರಿಗೆ ಜೊತೆಯಲ್ಲಿ ನಡೆದ ಸಮಾಧಾನ ಸಿಗುತ್ತದೆ, ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಪುಣೆಯಿಂದ ಮಗ ಬರಬೇಕು, ಸಂಜೆಯವರೆಗೆ ಕಾಯಬೇಕು ಎನ್ನುವವರು ಕಾಲೇಜಿಗೆ ಹಾಗೆಂದೇ ತಿಳಿಸಿ. ಬಾಡಿಗೆಯ ಫ್ರೀಜರ್ ಪೆಟ್ಟಿಗೆ ತರಿಸಿ ಅದರಲ್ಲಿ ಅಂಗಾತ ಮಲಗಿಸಿಟ್ಟರೆ ಹಲವು ಕಾಲೇಜುಗಳು ಒಪ್ಪುತ್ತವೆ. ಪೆಟ್ಟಿಗೆಗೆ ಕರೆಂಟ್ ಹೋದರೆ ಏನು ಎಂಬುದಕ್ಕೂ ಉತ್ತರ ಇರಲಿ. ಸುತ್ತ ಐಸ್ ಗಡ್ಡೆ ಇಟ್ಟು ಪಡಸಾಲೆಯಲ್ಲಿ ಮಲಗಿಸುವುದು ಮೇ ತಿಂಗಳಲ್ಲಿ ಕೆಲಸಕ್ಕೆ ಬಾರದು.

ದೇಹ ಹಾಳಾಗುತ್ತಿದೆ ಎಂಬುದಕ್ಕೆ ಗುರುತುಗಳಿವೆ: ಹೊಟ್ಟೆಯ ಬಲ ಕೆಳಭಾಗದಲ್ಲಿ ಹಸಿರು ಛಾಯೆ, ಹೊಟ್ಟೆ ಉಬ್ಬುವುದು, ಮೂಗು ಬಾಯಿಯಿಂದ ದ್ರವ. ಇವು ಕಂಡರೆ ಮುಚ್ಚಿಡದೆ ಕಾಲೇಜಿಗೆ ಫೋನಿನಲ್ಲೇ ಹೇಳಿ. ಅಲ್ಲಿಯವರೆಗೆ ಒಯ್ದು ತಿರಸ್ಕಾರ ಕೇಳಿ ಮರಳುವ ಸಂಕಟ ತಪ್ಪುತ್ತದೆ.

## ಹಂತ 7: ಹಸ್ತಾಂತರ

ಜೊತೆಗೆ ಬೇಕಾದ್ದು ದಾನದ ಫಾರ್ಮ್ ಪ್ರತಿ, ವೈದ್ಯರ ಪತ್ರ, ಮೃತರ ಹಾಗೂ ಒಪ್ಪಿಸುವವರ ಆಧಾರ್, ಹತ್ತಿರದ ಇಬ್ಬರು ಸಂಬಂಧಿಗಳು. ಮಾಂಗಲ್ಯ, ಮೂಗುತಿ, ಕಾಲುಂಗುರ ಮನೆಯಲ್ಲೇ ತೆಗೆಯಿರಿ. ಬೆರಳು ಬಾತ ಮೇಲೆ ಕಾಲುಂಗುರ ಬರುವುದಿಲ್ಲ. ಒಂದು ಎಳೆ ಕೂದಲನ್ನು ವಸ್ತ್ರದಲ್ಲಿ ಕಟ್ಟಿಟ್ಟುಕೊಳ್ಳಬೇಕೆಂದರೆ ಅದನ್ನೂ ಇಲ್ಲೇ ಮಾಡಿ.

ಕಾಲೇಜಿನಿಂದ ಮೊಹರು ಇರುವ ಸ್ವೀಕೃತಿ ಪತ್ರ ಪಡೆಯದೆ ಹೊರಡಬೇಡಿ. ಸ್ಮಶಾನದ ರಸೀದಿ ಇರುವುದಿಲ್ಲವಾದ್ದರಿಂದ ಮರಣ ನೋಂದಣಿಗೆ ವೈದ್ಯರ ಪತ್ರದ ಜೊತೆ ಕೊಡಬೇಕಾದದ್ದು ಇದೇ. ನೋಂದಣಿ 21 ದಿನಗಳೊಳಗೆ ಆಗಬೇಕು. ಮೀರಿದರೆ ವಿಮೆ, ಪಿಂಚಣಿ, ಹೊಲದ ವಾರಸಾ ಎಲ್ಲವೂ ಆ ಒಂದು ಕಾಗದಕ್ಕಾಗಿ ನಿಲ್ಲುತ್ತವೆ.

## ಹಂತ 8: ದೇಹವಿಲ್ಲದ ಗದ್ದುಗೆ

ಮನೆಗೆ ಮರಳಿದವರಿಗೆ ಮಾಡಲು ಏನೂ ಉಳಿದಿಲ್ಲ ಎನಿಸುವ ಹೊತ್ತು ಇದು. ಮಣ್ಣು ಹಾಕದ ಕೈಗೆ ಸಮಾಧಾನವಿರುವುದಿಲ್ಲ. ಆದ್ದರಿಂದ ಗದ್ದುಗೆಯ ಕೆಲಸವನ್ನು ಅದೇ ಸಂಜೆ ಅಥವಾ ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ, ಇನ್ನೂ ಮುಂದಕ್ಕೆ ಹಾಕಬೇಡಿ.

ಹೊಲದಲ್ಲೋ ರುದ್ರಭೂಮಿಯಲ್ಲೋ ಮೊಳದಷ್ಟು ಆಳದ ಕುಣಿ ಸಾಕು. ಬಿಲ್ವಪತ್ರೆ, ವಿಭೂತಿ ಗಟ್ಟಿ, ಗುರುಗಳು ಒಪ್ಪಿದ್ದರೆ ಇಷ್ಟಲಿಂಗ, ಕೂದಲಿನ ಗಂಟು ಇಟ್ಟು ಅಯ್ಯನವರು ಪೂಜೆ ಮಾಡಲಿ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಲಿ. ಬೇಡವೆಂದಿದ್ದ ಮಗಳನ್ನು ಮೊದಲ ಹಿಡಿಗೆ ಕರೆಯಿರಿ. ಶಿವಗಣಾರಾಧನೆ ಎಂದಿನಂತೆಯೇ, ಅದಕ್ಕೆ ದೇಹ ಎಲ್ಲಿದೆ ಎಂಬುದರ ಜೊತೆ ಸಂಬಂಧವಿಲ್ಲ.

## ಬೇರೆ ಸಂಪ್ರದಾಯದ ಮನೆಗಳು

ದಹನ ಮಾಡುವ ಮನೆಗಳಲ್ಲಿ ಕಷ್ಟ ಕಡಿಮೆ. ದೇಹ ಸಿಗದವರಿಗಾಗಿ ದರ್ಭೆಯಿಂದಲೋ ಮುತ್ತುಗದ ಎಲೆಗಳಿಂದಲೋ ಆಕೃತಿ ಮಾಡಿ ದಹಿಸುವ ವಿಧಿ ಹಿಂದಿನಿಂದಲೂ ಇದೆ. ಕೆಲವು ಪುರೋಹಿತರು ದೇಹದಾನಕ್ಕೂ ಅದನ್ನೇ ಮಾಡಿಸುತ್ತಾರೆ. ಪಿಂಡ, ತರ್ಪಣಗಳಿಗೆ ದೇಹ ಬೇಕಾಗುವುದೇ ಇಲ್ಲ.

ಮುಸ್ಲಿಂ ಮನೆಗಳಲ್ಲಿ ಮಾತು ಬೇರೆ. ಜೀವ ಉಳಿಸಲು ಅಂಗಾಂಗ ದಾನ ಮಾಡಬಹುದೆಂದು 1988ರಲ್ಲಿ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಒಪ್ಪಿದೆ, ಒಪ್ಪದ ಉಲೇಮಾಗಳೂ ಇದ್ದಾರೆ. ಇಡೀ ದೇಹವನ್ನು ಕೊಡುವುದನ್ನು ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ, ಏಕೆಂದರೆ ಗುಸಲ್, ಕಫನ್, ಜನಾಜಾ ನಮಾಜಿನ ನಂತರ ಬೇಗನೆ ದಫನ್ ಆಗಬೇಕೆಂಬುದು ಕರ್ತವ್ಯ. ಇಲ್ಲಿ ದೇಹದಾನಕ್ಕೆ ಒತ್ತಾಯಿಸುವುದಕ್ಕಿಂತ ಅಂಗಾಂಗ ಮತ್ತು ನೇತ್ರದಾನದ ಬಗ್ಗೆ ತಮ್ಮ ಮಸೀದಿಯ ಆಲಿಮರನ್ನು ಕೇಳುವುದು ಸರಿಯಾದ ದಾರಿ. ಅವೆರಡರಲ್ಲೂ ದೇಹ ದಫನ್‌ಗೆ ಮರಳಿ ಬರುತ್ತದೆ.

## ಕಾಲೇಜು ಬೇಡವೆಂದರೆ

ಈ ಸಾಧ್ಯತೆಯನ್ನು ದಾನಿಗೂ ಮನೆಯವರಿಗೂ ಮೊದಲೇ ಹೇಳಿಡಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ, ಸಕ್ರಿಯ ಕ್ಷಯ ಇದ್ದವರ ದೇಹ, ಆಳವಾದ ಹಾಸಿಗೆ ಹುಣ್ಣುಗಳಾದ ದೇಹ, ಮರಣೋತ್ತರ ಪರೀಕ್ಷೆ ಆದ ದೇಹವನ್ನು ತಿರಸ್ಕರಿಸುತ್ತಾರೆ. ಅಪಘಾತ, ಹಾವು ಕಡಿತ, ವಿಷ, ಆತ್ಮಹತ್ಯೆ ಇದ್ದರೆ ಪೊಲೀಸ್ ಪ್ರಕರಣವಾಗಿ ಪರೀಕ್ಷೆ ನಡೆಯುತ್ತದೆ. ಜಾರಿ ಬಿದ್ದು ಸೊಂಟ ಮುರಿದು ಕೆಲವು ವಾರಗಳ ನಂತರ ತೀರಿಕೊಂಡ ಹಿರಿಯರ ವಿಷಯದಲ್ಲೂ ವೈದ್ಯರು ಪೊಲೀಸರಿಗೆ ತಿಳಿಸಿ ಎನ್ನಬಹುದು. ಇದನ್ನು ಮರೆಮಾಚಿ ಸಹಜ ಸಾವೆಂದು ಬರೆಸಲು ಹೋಗಬೇಡಿ.

ಹಾಗಾದಾಗ ಮಾಡಬೇಕಾದದ್ದು ಇಷ್ಟೇ: ಆರು ಗಂಟೆ ಮೀರಿಲ್ಲದಿದ್ದರೆ ನೇತ್ರದಾನ ಸಾಧ್ಯವೇ ಎಂದು ಕೇಳಿ, ಅಯ್ಯನವರಿಗೆ ತಿಳಿಸಿ, ರೂಢಿಯಂತೆ ಸಮಾಧಿ ಮಾಡಿ. ಪತ್ರದಲ್ಲಿ ‘ಕಾಲೇಜು ಸ್ವೀಕರಿಸದಿದ್ದರೆ ನನ್ನನ್ನು ಹೊಲದಲ್ಲಿ ಇಂಥ ಕಡೆ ಇಡಿ’ ಎಂಬ ಸಾಲೂ ಇರಲಿ. ಆ ಸಾಲು ಇಲ್ಲದ ಮನೆಗಳಲ್ಲಿ, ಅಪ್ಪನ ಮಾತು ನಡೆಸಲಾಗಲಿಲ್ಲವೆಂಬ ಜಗಳ ದಿವಸದ ಊಟದವರೆಗೂ ಮುಂದುವರಿಯುತ್ತದೆ.